‘ಆಪರೇಟರ್ ಬೇಕು’ ಅಂದರೆ ಯಾರು ಬರುತ್ತಾರೆ?

ಬೆಂಗಳೂರಿನ ಪೀಣ್ಯ ಎರಡನೇ ಹಂತದಲ್ಲಿ ಮೂರು ವಿಎಂಸಿ ಯಂತ್ರಗಳ ಒಂದು ವರ್ಕ್‌ಶಾಪ್ ಇದೆ ಎಂದಿಟ್ಟುಕೊಳ್ಳಿ. ವಿಎಂಸಿ ಎಂದರೆ ಕಂಪ್ಯೂಟರ್ ಹೇಳಿದಂತೆ ಮೇಲಿನಿಂದ ಇಳಿದು ಲೋಹ ಕೊರೆಯುವ ಯಂತ್ರ. ಪಂಪುಗಳಿಗೆ ಬೇಕಾದ ಅಲ್ಯೂಮಿನಿಯಂ ಹೌಸಿಂಗ್‌ಗಳನ್ನು ಇಲ್ಲಿ ಮಾಡುತ್ತಾರೆ. ಎರಡನೇ ಶಿಫ್ಟ್ ನೋಡಿಕೊಳ್ಳುತ್ತಿದ್ದ ಹುಡುಗ ಬೇರೆ ಕಡೆ ಸೇರಿಕೊಂಡ. ಮಾಲೀಕರು ಅವಸರದಲ್ಲಿ ಕನ್ಸಲ್ಟೆನ್ಸಿಗೆ ಒಂದು ಇಮೇಲ್ ಹಾಕಿದರು: ‘ವಿಎಂಸಿ ಆಪರೇಟರ್ ಬೇಕು. ಅನುಭವ 3ರಿಂದ 5 ವರ್ಷ. ಸಂಬಳ ಕಂಪನಿ ನಿಯಮದಂತೆ. ಸ್ಥಳ ಬೆಂಗಳೂರು. ಅರ್ಜೆಂಟ್.’

ಮರುದಿನವೇ ರಾಶಿ ಬಯೋಡೇಟಾ ಬರುತ್ತವೆ. ಒಂದರಲ್ಲೂ ಸುಳ್ಳಿಲ್ಲ, ಆದರೆ ಒಂದೂ ಕೆಲಸಕ್ಕೆ ಬರುವುದಿಲ್ಲ. ಮಾಲೀಕರು ಕನ್ಸಲ್ಟೆನ್ಸಿಯನ್ನು ಬೈಯುತ್ತಾರೆ. ನನ್ನ ಪ್ರಕಾರ ತಪ್ಪು ಆ ಮೇಲ್‌ನದು.

ವರ್ಕ್‌ಶಾಪಿನಲ್ಲಿ ಆಪರೇಟರ್ ಅನ್ನುವ ಒಂದೇ ಹೆಸರಿನಡಿ ಕನಿಷ್ಠ ಮೂರು ಬಗೆಯ ಜನ ಇರುತ್ತಾರೆ. ಒಬ್ಬ ಜಾಬ್ ಕಟ್ಟಿ, ಬಾಗಿಲು ಹಾಕಿ, ಹಸಿರು ಬಟನ್ ಒತ್ತಿ, ಮುಗಿದ ಮೇಲೆ ಅಳೆದು ಟ್ರೇಗೆ ಇಡುವವನು. ಇನ್ನೊಬ್ಬ ಸೆಟ್ಟರ್. ಫಿಕ್ಸ್‌ಚರ್ ಕೂರಿಸಿ, ಟೂಲ್‌ಗಳ ಉದ್ದ ಅಳೆದು, ಜಾಬ್‌ನ ಸೊನ್ನೆ ಬಿಂದು ಎಲ್ಲಿದೆ ಎಂದು G54ನಲ್ಲಿ ತುಂಬಿಸಿ, ಮೊದಲ ಪೀಸ್ ಸರಿಯಾಗಿ ತೆಗೆದುಕೊಡುವುದು ಅವನ ಕೆಲಸ. ಮೂರನೆಯವನು ಡ್ರಾಯಿಂಗ್ ನೋಡಿ ಪ್ರೋಗ್ರಾಂ ಬರೆಯುವವನು. ಮೂವರ ಬಯೋಡೇಟಾದಲ್ಲೂ ‘ವಿಎಂಸಿ, 4 ವರ್ಷ’ ಎಂದೇ ಇರುತ್ತದೆ. ಕನ್ಸಲ್ಟೆನ್ಸಿಯಲ್ಲಿ ಕೂತು ಫೋನ್ ಮಾಡುವವರು ಸಾಮಾನ್ಯವಾಗಿ ಯಂತ್ರ ಮುಟ್ಟಿದವರಲ್ಲ. ಅವರು ಮೇಲ್‌ನಲ್ಲಿರುವ ಪದವನ್ನೇ ತಮ್ಮ ಪಟ್ಟಿಯಲ್ಲಿ ಹುಡುಕಿ, ಸಿಕ್ಕವರನ್ನೆಲ್ಲ ಕಳಿಸುತ್ತಾರೆ. ಅದಕ್ಕೇ ಮೇಲ್‌ನಲ್ಲಿ ಹುದ್ದೆಯ ಹೆಸರಿಗಿಂತ ಆ ಮನುಷ್ಯ ಇಡೀ ಶಿಫ್ಟ್ ಏನು ಮಾಡುತ್ತಾನೆ ಎಂಬುದನ್ನು ಬರೆಯಬೇಕು.

ನಮ್ಮ ವರ್ಕ್‌ಶಾಪಿನಲ್ಲಿ ಎರಡನೇ ಶಿಫ್ಟಿಗೆ ಸೂಪರ್‌ವೈಸರ್ ಇಲ್ಲ. ರಾತ್ರಿ ಎಂಟಕ್ಕೆ ಅಳತೆ ಜಾರಿದರೆ ಕೇಳುವುದಕ್ಕೆ ಯಾರೂ ಇರುವುದಿಲ್ಲ. ಹೀಗಾಗಿ ಬೇಕಾಗಿರುವುದು ಅಳತೆ ತಿದ್ದಬಲ್ಲ ಸೆಟ್ಟರ್. ಪ್ರೋಗ್ರಾಂ ಹಗಲಿನವರು ಬರೆದಿಟ್ಟಿರುತ್ತಾರೆ. ಇಷ್ಟು ಸ್ಪಷ್ಟವಾದ ಮೇಲೆ ಕೌಶಲಗಳ ಪಟ್ಟಿ ತಾನಾಗಿಯೇ ಚಿಕ್ಕದಾಗುತ್ತದೆ. ಡ್ರಾಯಿಂಗ್ ಓದಬೇಕು. ಫ್ಯಾನಕ್ ಕಂಟ್ರೋಲ್‌ನಲ್ಲಿ ಕೆಲಸ ಮಾಡಿರಬೇಕು. ಮೈಕ್ರೋಮೀಟರ್, ಬೋರ್ ಗೇಜ್ ಹಿಡಿಯಲು ಬರಬೇಕು. ಆಫ್‌ಸೆಟ್ ತಿದ್ದಬೇಕು. ಇವು ನಾಲ್ಕು ಇಲ್ಲದೆ ಆಗುವುದಿಲ್ಲ. ಸೀಮೆನ್ಸ್ ಕಂಟ್ರೋಲ್ ಗೊತ್ತಿದ್ದರೆ ಒಳ್ಳೆಯದು, ಇಲ್ಲದಿದ್ದರೆ ಕಲಿಸಿಕೊಳ್ಳಬಹುದು. ‘ಇರಲೇಬೇಕು’ ಮತ್ತು ‘ಇದ್ದರೆ ಒಳ್ಳೆಯದು’ ಎಂಬುದನ್ನು ಬೇರೆ ಬೇರೆ ಸಾಲಿನಲ್ಲಿ ಬರೆಯದಿದ್ದರೆ ಕನ್ಸಲ್ಟೆನ್ಸಿ ಎರಡನ್ನೂ ಒಂದೇ ತೂಕದಲ್ಲಿ ಹುಡುಕುತ್ತದೆ. ಸೀಮೆನ್ಸ್ ಮಾತ್ರ ಗೊತ್ತಿರುವವನು ಬಂದು ನಿಲ್ಲುತ್ತಾನೆ.

ಓದಿನ ವಿಷಯದಲ್ಲೂ ಹೀಗೆಯೇ. ‘ಡಿಪ್ಲೊಮಾ ಕಡ್ಡಾಯ’ ಎಂದು ರೂಢಿಗೆ ಬರೆದುಬಿಟ್ಟರೆ ಐಟಿಐಯಲ್ಲಿ ಮಷಿನಿಸ್ಟ್ ಟ್ರೇಡ್ ಓದಿ ಐದು ವರ್ಷ ಯಂತ್ರದ ಮುಂದೆ ನಿಂತವನು ಮೊದಲೇ ಹೊರಗುಳಿಯುತ್ತಾನೆ. ಐಟಿಐ ಆಗಲಿ, ಜಿಟಿಟಿಸಿ ಡಿಪ್ಲೊಮಾ ಆಗಲಿ, ಸೆಟ್ಟಿಂಗ್ ಬಂದರೆ ಸಾಕು ಎನ್ನುವುದು ಮಾಲೀಕರ ಮನಸ್ಸಿನಲ್ಲಿದ್ದರೆ ಅದನ್ನೇ ಬರೆಯಬೇಕು. ‘ಗಂಡಸರು ಮಾತ್ರ’ ಎಂಬ ಸಾಲನ್ನಂತೂ ಅಳಿಸಿಬಿಡಿ. ನೇಮಕಾತಿಯಲ್ಲಿ ಗಂಡು ಹೆಣ್ಣೆಂದು ಭೇದ ಮಾಡಬಾರದೆಂದು 1976ರ ಸಮಾನ ವೇತನ ಕಾಯ್ದೆಯಿಂದಲೇ ಕಾನೂನು ಹೇಳುತ್ತಾ ಬಂದಿದೆ. ಜಗಳವೆದ್ದರೆ ನಿಮ್ಮ ಮೇಲ್ ನಿಮ್ಮ ವಿರುದ್ಧವೇ ಸಾಕ್ಷಿ.

ಈಗ ಸಂಬಳ. ಹೆಚ್ಚಿನ ವ್ಯವಹಾರಗಳು ಮುರಿಯುವುದು ಇಲ್ಲೇ. ಮುರಿಯುವುದು ಹಣ ಕಡಿಮೆಯೆಂದಲ್ಲ, ಒಂದೇ ಸಂಬಳಕ್ಕೆ ಮೂರು ಅಂಕಿಗಳಿರುವುದರಿಂದ.

ತಿಂಗಳಿಗೆ ಗ್ರಾಸ್ 28,000 ರೂಪಾಯಿ, ಅದರಲ್ಲಿ ಬೇಸಿಕ್ 15,000 ಎಂದುಕೊಳ್ಳೋಣ. ಕೆಲಸಗಾರನ ಪಾಲಿನ ಪಿಎಫ್ ಬೇಸಿಕ್‌ನ ಶೇ 12, ಅಂದರೆ 1,800. ಕರ್ನಾಟಕದಲ್ಲಿ 25,000 ಮತ್ತು ಅದಕ್ಕಿಂತ ಹೆಚ್ಚು ಸಂಬಳಕ್ಕೆ ವೃತ್ತಿ ತೆರಿಗೆ ಫೆಬ್ರವರಿ ಬಿಟ್ಟು ಉಳಿದ ತಿಂಗಳುಗಳಲ್ಲಿ 200. ಎರಡೂ ಕಳೆದು ಕೈಗೆ ಬರುವುದು 26,000. ಇಎಸ್‌ಐ ಕಟಿಂಗ್ ಇಲ್ಲ ಎಂದುಕೊಳ್ಳೋಣ, ಹಾಗಿದ್ದರೆ ಇಎಸ್‌ಐ ಆಸ್ಪತ್ರೆಯ ಸೌಲಭ್ಯವೂ ಇಲ್ಲ. ಮಾಲೀಕರ ಕಡೆಯಿಂದ ನೋಡಿದರೆ ಅವರ ಪಾಲಿನ ಪಿಎಫ್ ಮತ್ತು ಅದರ ಜೊತೆಗಿನ ವಿಮೆ, ಆಡಳಿತ ಶುಲ್ಕ ಸೇರಿ ಇನ್ನೂ 1,950 ಖರ್ಚು. ಅವರ ಲೆಕ್ಕದ ಸಿಟಿಸಿ 29,950. ಗ್ರಾಚ್ಯುಟಿಯನ್ನೂ ಸೇರಿಸಿದರೆ 30,000 ದಾಟುತ್ತದೆ.

ಮಾಲೀಕರು ‘ಮೂವತ್ತು ಕೊಡುತ್ತೇವೆ’ ಎಂದಾಗ ಕನ್ಸಲ್ಟೆನ್ಸಿಯವರು ಅದನ್ನೇ ಫೋನಿನಲ್ಲಿ ಹೇಳುತ್ತಾರೆ. ಆ ಹುಡುಗ ಈಗಿರುವ ಕಡೆ ಕೈಗೆ 27,000 ಪಡೆಯುತ್ತಿದ್ದಾನೆ. ಮೂರು ಸಾವಿರ ಹೆಚ್ಚಾಯಿತೆಂದು ಖುಷಿಯಿಂದ ಒಪ್ಪುತ್ತಾನೆ. ಆಫರ್ ಲೆಟರ್ ಕೈಗೆ ಬಂದ ದಿನ ನೋಡಿದರೆ ಸಾವಿರ ಕಡಿಮೆ. ಸೇರಬೇಕಾದ ದಿನ ಅವನ ಫೋನ್ ಸ್ವಿಚ್ ಆಫ್. ಆದ್ದರಿಂದ ಮೇಲ್‌ನಲ್ಲಿ ಗ್ರಾಸ್ ಎಷ್ಟು, ಕೈಗೆ ಎಷ್ಟು ಎಂದು ಎರಡನ್ನೂ ಬರೆಯಿರಿ. ಓಟಿ ಹಣವನ್ನು ಅದರೊಳಗೆ ಕಲಸಬೇಡಿ. ಓಟಿ ಎಲ್ಲ ತಿಂಗಳೂ ಇರುವುದಿಲ್ಲ, ಇದ್ದಾಗ ಕಾನೂನಿನ ಪ್ರಕಾರ ಎರಡು ಪಟ್ಟು ದರ ಕೊಡಬೇಕು.

ಶ್ರೇಣಿ ಕೊಡುವಾಗ ಇನ್ನೊಂದು ತೊಡಕು. ‘26ರಿಂದ 32 ಸಾವಿರ’ ಎಂದಷ್ಟೇ ಬರೆದರೆ ಅಭ್ಯರ್ಥಿಯ ಕಿವಿಗೆ ಬೀಳುವುದು 32, ಮಾಲೀಕರ ಮನಸ್ಸಿನಲ್ಲಿರುವುದು 26. ಯಾರಿಗೆ ಯಾವ ತುದಿ ಎಂದು ಹೇಳಿಬಿಟ್ಟರೆ ಚೌಕಾಸಿ ಅರ್ಧ ಮುಗಿದ ಹಾಗೆ. ನಡೆಯುತ್ತಿರುವ ಜಾಬ್‌ನ ಅಳತೆ ಕಾಯ್ದುಕೊಂಡು ಹೋಗುವವರಿಗೆ 26, ಹೊಸ ಫಿಕ್ಸ್‌ಚರ್ ಕೂರಿಸಿ ಒಬ್ಬರೇ ಮೊದಲ ಪೀಸ್ ಪಾಸ್ ಮಾಡಿಸುವವರಿಗೆ 32. ಶುಲ್ಕದ ಕಡೆಯೂ ಕಣ್ಣಿರಲಿ. ಬಹಳಷ್ಟು ಕನ್ಸಲ್ಟೆನ್ಸಿಗಳು ವಾರ್ಷಿಕ ಸಿಟಿಸಿಯ ಶೇ 8.33 ಕೇಳುತ್ತವೆ, ಅಂದರೆ ಒಂದು ತಿಂಗಳ ಸಂಬಳ, ಅದರ ಮೇಲೆ ಶೇ 18 ಜಿಎಸ್‌ಟಿ. ನಮ್ಮ ಲೆಕ್ಕಕ್ಕೆ ಸುಮಾರು 35,300 ರೂಪಾಯಿ. ಸಂಬಳ ಏರಿದರೆ ಅವರ ಶುಲ್ಕವೂ ಏರುವುದರಿಂದ ನಿಮ್ಮ ಪರವಾಗಿ ಅವರು ಚೌಕಾಸಿ ಮಾಡುತ್ತಾರೆಂದು ನಂಬಿ ಕೂರುವುದು ಜಾಣತನವಲ್ಲ.

ಸ್ಥಳದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಬೊಮ್ಮಸಂದ್ರದಲ್ಲಿ ಮನೆ ಮಾಡಿಕೊಂಡವನಿಗೆ ಪೀಣ್ಯವೂ ಬೆಂಗಳೂರೇ, ಆದರೆ ದಿನಾ ಓಡಾಡುವ ಬೆಂಗಳೂರಲ್ಲ. ಪೀಣ್ಯ ಎರಡನೇ ಹಂತ, ಹತ್ತಿರದ ಮೆಟ್ರೊ ನಿಲ್ದಾಣ ಇಂಥದ್ದು, ಶಿಫ್ಟ್ ಮಧ್ಯಾಹ್ನ 2ರಿಂದ ರಾತ್ರಿ 10, ವಾರದ ರಜೆ ಭಾನುವಾರ ಎಂದು ಬರೆಯಿರಿ. ರಾತ್ರಿ ಹತ್ತಕ್ಕೆ ಬಿಟ್ಟವರು ಮನೆ ಸೇರುವುದು ಹೇಗೆ ಎಂಬ ಪ್ರಶ್ನೆಯನ್ನು ಕನ್ಸಲ್ಟೆನ್ಸಿ ಮೊದಲ ಫೋನಿನಲ್ಲೇ ಕೇಳಲಿ.

ಆಯ್ಕೆಯ ಹಂತಗಳಿಗೆ ಬರೋಣ. ಯಂತ್ರ ಗೊತ್ತಿಲ್ಲದವರೂ ಫೋನಿನಲ್ಲಿ ಜರಡಿ ಹಿಡಿಯಬಹುದು, ನೀವು ಪ್ರಶ್ನೆಯ ಜೊತೆ ಉತ್ತರವನ್ನೂ ಬರೆದುಕೊಟ್ಟರೆ. ‘ನಿಮ್ಮಲ್ಲಿ ಮೊದಲ ಪೀಸ್ ಯಾರು ತೆಗೆಯುತ್ತಾರೆ?’ ಎಂದು ಕೇಳಲಿ. ‘ಸೂಪರ್‌ವೈಸರ್ ಸೆಟ್ ಮಾಡಿಕೊಡುತ್ತಾರೆ’ ಎಂದರೆ ಮಾತು ಅಲ್ಲಿಗೇ ಮುಗಿಯಲಿ. ‘ಅಳತೆ ಜಾರಿದರೆ ಏನು ಮಾಡುತ್ತೀರಿ?’ ಎಂಬುದಕ್ಕೆ ಆಫ್‌ಸೆಟ್ ಅಥವಾ ವೇರ್ ಎಂಬ ಮಾತು ಉತ್ತರದಲ್ಲಿ ಬರಬೇಕು. ‘ಪ್ರೋಗ್ರಾಮರ್‌ನ ಕರೀತೀವಿ’ ಎಂದರೆ ಆಗದು.

ಹೀಗೆ ಉಳಿದ ಮೂರು ನಾಲ್ಕು ಜನಕ್ಕೆ ಯಂತ್ರದ ಮೇಲೆ ಟ್ರಯಲ್. 25 ಮಿಲಿಮೀಟರ್ ಎಚ್7 ಬೋರ್ ಇರುವ ಒಂದು ಜಾಬ್ ಕೊಡಿ. ಅಂದರೆ ರಂಧ್ರದ ವ್ಯಾಸ 25.000ರಿಂದ 25.021ರೊಳಗೆ ಇರಬೇಕು. ಬೇಕೆಂದೇ ಆಫ್‌ಸೆಟ್ ಸ್ವಲ್ಪ ತಪ್ಪಾಗಿ ಇಟ್ಟು, ಎಂಡ್ ಮಿಲ್ ಸುತ್ತಿ ತೆಗೆದ ಬೋರ್ 24.990 ಬರುವಂತೆ ಮಾಡಿ. ವ್ಯಾಸ 0.02 ಹೆಚ್ಚಬೇಕು. ಟೂಲ್‌ನ ತ್ರಿಜ್ಯದ ಆಫ್‌ಸೆಟ್‌ನಲ್ಲಿ 0.01 ಕಡಿಮೆ ಮಾಡುವವನು ಬಲ್ಲವನು, ಬೋರ್ 25.010ಕ್ಕೆ ಬಂದು ಕೂರುತ್ತದೆ. 0.02 ಕಡಿಮೆ ಮಾಡಿದವನು ವ್ಯಾಸವನ್ನು 25.030ಕ್ಕೆ ಒಯ್ದು ಜಾಬ್ ಕೆಡಿಸುತ್ತಾನೆ. ಬಯೋಡೇಟಾದ ನಾಲ್ಕು ವರ್ಷ ಹೇಳದ್ದನ್ನು ಈ ಒಂದು ಬೋರ್ ಹೇಳುತ್ತದೆ. ಟ್ರಯಲ್ ಎರಡು ಗಂಟೆ ಮೀರಬಾರದು. ಟ್ರಯಲ್ ನೆಪದಲ್ಲಿ ಇಡೀ ದಿನ ಪ್ರೊಡಕ್ಷನ್ ತೆಗೆಸಿಕೊಳ್ಳುವ ಚಾಳಿ ಕೆಲವರಿಗಿದೆ. ಅಂಥ ವರ್ಕ್‌ಶಾಪಿನ ಹೆಸರು ಹುಡುಗರ ವಾಟ್ಸಾಪ್ ಗುಂಪಿನಲ್ಲಿ ಸಂಜೆಯೊಳಗೆ ಹಬ್ಬಿರುತ್ತದೆ.

ಅದೇ ವಾಟ್ಸಾಪ್‌ನಿಂದಾಗಿ ಇನ್ನೊಂದು ಎಚ್ಚರ ಬೇಕು. ನಿಮ್ಮ ಮೇಲ್‌ನ ಪಠ್ಯ ಹಾಗೆಯೇ ಕಾಪಿಯಾಗಿ ಅಭ್ಯರ್ಥಿಗಳಿಗೆ ಹೋಗುತ್ತದೆ. ಅದಕ್ಕೆ ಮೇಲ್ ಎರಡು ತುಂಡಾಗಿರಬೇಕು: ಮೇಲಿನದು ಎಲ್ಲರೂ ಓದಬಹುದಾದದ್ದು, ಕೆಳಗಿನದು ಕನ್ಸಲ್ಟೆನ್ಸಿಗೆ ಮಾತ್ರ. ಮಾಲೀಕರ ಎರಡನೇ ಮೇಲ್ ಹೀಗಿರಬಹುದು:

‘ನಮಸ್ಕಾರ. ನಮ್ಮ ಎರಡನೇ ಶಿಫ್ಟಿಗೆ ಒಬ್ಬ ವಿಎಂಸಿ ಸೆಟ್ಟರ್ ಬೇಕು. ಪ್ರೋಗ್ರಾಂ ನಾವು ಕೊಡುತ್ತೇವೆ. ಫಿಕ್ಸ್‌ಚರ್, ಟೂಲ್ ಮತ್ತು ವರ್ಕ್ ಆಫ್‌ಸೆಟ್ ಸೆಟ್ ಮಾಡಿ ಮೊದಲ ಪೀಸ್ ತೆಗೆದು, ಶಿಫ್ಟ್ ಪೂರ್ತಿ ಅಳತೆ ಕಾಯ್ದುಕೊಳ್ಳಬೇಕು. ಇರಲೇಬೇಕಾದದ್ದು: ಫ್ಯಾನಕ್‌ನಲ್ಲಿ ಸ್ವತಂತ್ರವಾಗಿ ಸೆಟ್ಟಿಂಗ್ ಮಾಡಿದ 2 ವರ್ಷದ ಅನುಭವ, ಡ್ರಾಯಿಂಗ್ ಓದುವುದು, ಬೋರ್ ಗೇಜ್ ಬಳಕೆ. ಐಟಿಐ ಅಥವಾ ಡಿಪ್ಲೊಮಾ. ಸೀಮೆನ್ಸ್ ಗೊತ್ತಿದ್ದರೆ ಒಳ್ಳೆಯದು. ಗ್ರಾಸ್ 26,000ರಿಂದ 32,000, ಪಿಎಫ್ ಮತ್ತು ವೃತ್ತಿ ತೆರಿಗೆ ಕಳೆದು ಕೈಗೆ 24,000ರಿಂದ 30,000. ಟ್ರಯಲ್ ನೋಡಿ ನಿರ್ಧಾರ. ಓಟಿ ಬೇರೆ. ಪೀಣ್ಯ ಎರಡನೇ ಹಂತ, ಮಧ್ಯಾಹ್ನ 2ರಿಂದ ರಾತ್ರಿ 10, ಭಾನುವಾರ ರಜೆ. ಆಯ್ಕೆ: ನಿಮ್ಮ ಫೋನ್ ಪ್ರಶ್ನೆಗಳು, ನಮ್ಮಲ್ಲಿ ಎರಡು ಗಂಟೆ ಟ್ರಯಲ್, ಅದೇ ದಿನ ಸಂಬಳದ ಮಾತು.

ನಿಮಗೆ ಮಾತ್ರ: ಫೋನ್ ಪ್ರಶ್ನೆ ಮತ್ತು ಉತ್ತರ ಲಗತ್ತಿಸಿದೆ. ಒಟ್ಟಿಗೆ ನಾಲ್ಕು ಬಯೋಡೇಟಾ ಸಾಕು; ಪ್ರತಿಯೊಂದರಲ್ಲೂ ಈಗಿನ ಸಂಬಳ, ನೋಟಿಸ್ ಅವಧಿ, ಮನೆ ಇರುವ ಜಾಗ ಇರಲಿ. ನೋಟಿಸ್ 30 ದಿನದೊಳಗಿರಬೇಕು. ಶುಲ್ಕ ವಾರ್ಷಿಕ ಸಿಟಿಸಿಯ ಶೇ 8.33 ಮತ್ತು ಜಿಎಸ್‌ಟಿ, ಸೇರಿದ 30 ದಿನದ ನಂತರ. 90 ದಿನದೊಳಗೆ ಬಿಟ್ಟುಹೋದರೆ ಒಮ್ಮೆ ಉಚಿತವಾಗಿ ಬದಲಿ ಅಭ್ಯರ್ಥಿ. ಅಭ್ಯರ್ಥಿಯಿಂದ ಯಾವುದೇ ಹಣ ಪಡೆಯಬಾರದು.’

ಎರಡು ಕನ್ಸಲ್ಟೆನ್ಸಿಗೆ ಒಟ್ಟಿಗೆ ಕೊಡುವುದಾದರೆ ಇನ್ನೊಂದು ಸಾಲು ಸೇರಿಸಿ: ಒಬ್ಬನೇ ಅಭ್ಯರ್ಥಿ ಎರಡು ಕಡೆಯಿಂದ ಬಂದರೆ, ಅವನ ಒಪ್ಪಿಗೆ ಪಡೆದು ಮೊದಲು ಮೇಲ್ ಮಾಡಿದವರಿಗೇ ಶುಲ್ಕ. ಈ ಸಾಲು ಇಲ್ಲದೆ ಇಬ್ಬರೂ ಬಿಲ್ ಕಳಿಸುವುದು ಅಪರೂಪವಲ್ಲ.

ಮೇಲ್ ಎಷ್ಟೇ ಚೆನ್ನಾಗಿದ್ದರೂ ಮೊದಲ ನಾಲ್ಕು ಬಯೋಡೇಟಾಗಳಲ್ಲಿ ಎರಡಾದರೂ ತಪ್ಪಿರುತ್ತವೆ. ಅವನ್ನು ಸುಮ್ಮನೆ ಪಕ್ಕಕ್ಕಿಡಬೇಡಿ. ‘ಇವರು ಸೆಟ್ಟಿಂಗ್ ಮಾಡಿಲ್ಲ’, ‘ಇವರದು ಬರೀ ಲೇತ್ ಅನುಭವ’ ಎಂದು ಒಂದೊಂದು ಸಾಲಿನ ಕಾರಣವನ್ನು ಎರಡು ದಿನದೊಳಗೆ ಬರೆದು ಕಳಿಸಿ. ಉತ್ತರ ಕೊಡದ ಮಾಲೀಕರ ಹುದ್ದೆಗೆ ಕನ್ಸಲ್ಟೆನ್ಸಿಯವರು ಮೂರನೇ ದಿನದಿಂದ ಫೋನ್ ಮಾಡುವುದನ್ನೇ ನಿಲ್ಲಿಸಿಬಿಡುತ್ತಾರೆ.