ಹಿಡುವಳಿ ಪಟ್ಟಿ: ಒಬ್ಬರೂ ಬಿಟ್ಟುಹೋಗದಂತೆ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಹಿಡುವಳಿಗಳನ್ನು ಕೃಷಿ ಗಣತಿಯ ಐದು ವರ್ಗಗಳಿಗೆ ಹಂಚಲು ನಾವು ಕಂಪ್ಯೂಟರಿನ ಲೆಕ್ಕದ ಹಾಳೆಯಲ್ಲಿ ಹೀಗೆ ಬರೆಯುತ್ತೇವೆ. B2 ಎಂಬುದು ಹೆಕ್ಟೇರು.

```
=IF(B2="","",IF(B2<1,"ಅತಿ ಸಣ್ಣ",IF(B2<2,"ಸಣ್ಣ",IF(B2<4,"ಅರೆ ಮಧ್ಯಮ",IF(B2<10,"ಮಧ್ಯಮ","ದೊಡ್ಡ")))))
```

ಸೂತ್ರವು ಎಡದಿಂದ ನೋಡುತ್ತ ಬಂದು, ಮೊದಲು ಹೊಂದಿದ ಷರತ್ತಿನಲ್ಲೇ ನಿಲ್ಲುತ್ತದೆ. ಆದ್ದರಿಂದ ಒಬ್ಬರು ಎರಡು ವರ್ಗಕ್ಕೆ ಸೇರುವುದಿಲ್ಲ. ಆದರೆ ಚಿಕ್ಕ ಮಿತಿಯೇ ಮೊದಲಿರಬೇಕು. 10ನ್ನು ಮೊದಲಿಟ್ಟರೆ ಅರ್ಧ ಹೆಕ್ಟೇರಿನವರೂ ‘ಮಧ್ಯಮ’ರಾಗುತ್ತಾರೆ. ಐದು ಎಕರೆಯೆಂದರೆ 2.02 ಹೆಕ್ಟೇರು, ಅದು ‘ಸಣ್ಣ’ವಲ್ಲ, ‘ಅರೆ ಮಧ್ಯಮ’.

ಖಾಲಿ ಮನೆ ಸೊನ್ನೆಯೆಂದು ‘ಅತಿ ಸಣ್ಣ’ಕ್ಕೆ ಸೇರುವುದನ್ನು ಮೊದಲ ಷರತ್ತು ತಡೆಯುತ್ತದೆ. ಆದರೆ ‘2 ಹೆ.’ ಎಂದು ಅಕ್ಷರ ಸೇರಿಸಿ ಬರೆದರೆ ಅದು ಅಂಕಿಯಾಗದೆ, ಎಲ್ಲ ಷರತ್ತು ದಾಟಿ ‘ದೊಡ್ಡ’ಕ್ಕೆ ಬೀಳುತ್ತದೆ.

ಪಟ್ಟಿ ತುಂಬುವ ಮೊದಲು 0.99, 1, 2, 4, 10 ಹಾಕಿ ನೋಡಿರಿ. ಐದಕ್ಕೂ ಬೇರೆ ಬೇರೆ ವರ್ಗ ಬಂದರೆ ಸೂತ್ರ ಸರಿ.