ಅಕ್ಕಾ, ನಿಜ ಹೇಳು

ಫೋನಿನಲ್ಲಿ ಕೇಳಲು ನಾಚಿಕೆಯಾಗಿ ತಿಪಟೂರಿನಿಂದ ತಮ್ಮ ಪತ್ರ ಬರೆದಿದ್ದ. ಅವನ ಒಪ್ಪಿಗೆ ಪಡೆದೇ ಇಲ್ಲಿ ಹೇಳುತ್ತಿದ್ದೇನೆ.

"ಅಕ್ಕಾ, ಇನ್ನು ಮೂರು ವಾರಕ್ಕೆ ಅರಸೀಕೆರೆಗೆ ಹೆಣ್ಣು ನೋಡೋಕೆ ಹೋಗಬೇಕು. ಅಮ್ಮನ್ನ ಕೇಳಿದ್ರೆ ನಿನಗೇನೋ ಕಡಿಮೆ ಅಂತಾಳೆ. ನೀನಾದ್ರೂ ನಿಜ ಹೇಳು. ಮುಂದಲೆ ಕೂದಲು ಉದುರಿದ್ದು ಎದ್ದು ಕಾಣುತ್ತಾ? ಗೆಳೆಯ ಒಂದು ಕ್ರೀಮ್ ಕೊಟ್ಟಿದ್ದಾನೆ, ಹದಿನೈದು ದಿನಕ್ಕೆ ಬೆಳ್ಳಗಾಗ್ತೀನಂತೆ. ಹಚ್ಚಲಾ?"

ಕ್ರೀಮಿನ ಮಾತಿಗೆ ನನ್ನ ಎದೆ ಧಸಕ್ಕೆಂದಿತು. ಟ್ಯೂಬಿನ ಫೋಟೊ ತರಿಸಿಕೊಂಡು ನೋಡಿದರೆ, ಸಣ್ಣಕ್ಷರದಲ್ಲಿ ಬೆಟಮೆಥಾಸೋನ್ ಎಂದಿತ್ತು. ಅದು ಸ್ಟೀರಾಯ್ಡ್. ಕ್ಲೋಬೆಟಸಾಲ್, ಮೊಮೆಟಾಸೋನ್ ಕೂಡ ಅದೇ ಜಾತಿಯವು. ಚರ್ಮರೋಗಕ್ಕೆ ವೈದ್ಯರು ಕೆಲವು ದಿನದ ಮಟ್ಟಿಗೆ ಕೊಡುವ ಔಷಧಿ ಇದು. ಮುಖಕ್ಕೆ ಹಚ್ಚಿದರೆ ಮೊದಮೊದಲು ಬಣ್ಣ ತಿಳಿಯಾದಂತೆ ಕಾಣುತ್ತದೆ, ಜನ ಮೋಸ ಹೋಗುವುದೇ ಅಲ್ಲಿ. ಹಚ್ಚುತ್ತಾ ಹೋದರೆ ಚರ್ಮ ತೆಳುವಾಗಿ ಕೆಂಪು ನರಗಳು ಕಾಣಿಸಿಕೊಳ್ಳುತ್ತವೆ, ಮೊಡವೆ ಏಳುತ್ತವೆ. ಬಿಟ್ಟರೆ ಮುಖ ಕೆಂಪಾಗಿ ಉರಿಯುತ್ತದೆ, ಆ ಉರಿ ತಾಳಲಾರದೆ ಮತ್ತೆ ಹಚ್ಚುತ್ತಾರೆ. ಅವನಿನ್ನೂ ಹಚ್ಚಿರಲಿಲ್ಲ. "ಎಸೆದುಬಿಡು. ನಿನ್ನ ಬಣ್ಣದಲ್ಲಿ ಸರಿಮಾಡುವಂಥದ್ದು ಏನೂ ಇಲ್ಲ" ಎಂದು ಬರೆದೆ.

ಕೂದಲಿನ ವಿಷಯದಲ್ಲಿ ಸುಳ್ಳು ಹೇಳಲಿಲ್ಲ. "ಹೌದು ಕಣೋ, ಕಾಣುತ್ತೆ." ಅಪ್ಪನಿಗೂ ಇದೇ ವಯಸ್ಸಿಗೆ ಹಣೆಯ ಎರಡೂ ಮೂಲೆಯಿಂದ ಹಿಂದೆ ಸರಿದಿತ್ತು. ಮಿನಾಕ್ಸಿಡಿಲ್ ಹಚ್ಚಿದರೆ ಕೆಲವರಿಗೆ ಗುಣ ಕಾಣುತ್ತದೆ, ಆದರೆ ಅದಕ್ಕೆ ನಾಲ್ಕಾರು ತಿಂಗಳು ಬೇಕು. ಶುರುವಿನ ವಾರಗಳಲ್ಲಿ ಉದುರುವುದು ಹೆಚ್ಚಾಗಲೂಬಹುದು. ಮೂರು ವಾರದ ಮಾತಲ್ಲ ಅದು. ಕೈಯಲ್ಲಿರುವುದು ಕಟಿಂಗ್ ಒಂದೇ. ಅವನು ಪಕ್ಕದ ಉದ್ದ ಕೂದಲನ್ನು ಮುಂದಕ್ಕೆಳೆದು ಬಾಚುತ್ತಿದ್ದ, ಅದರಿಂದಲೇ ನಡುವಿನ ಬುರುಡೆ ಇನ್ನಷ್ಟು ಹೊಳೆಯುತ್ತಿತ್ತು. ಪಕ್ಕ ಸಣ್ಣಗೆ ಕತ್ತರಿಸಿದರೆ ನೆತ್ತಿಯ ಕೂದಲು ಇದ್ದುದಕ್ಕಿಂತ ದಟ್ಟವಾಗಿ ಕಾಣುತ್ತದೆ. ಹಿಂದಿನ ದಿನವಲ್ಲ, ಒಂದು ವಾರ ಮೊದಲೇ ಮಾಡಿಸು ಎಂದೆ. ಕತ್ತರಿ ಹೆಚ್ಚುಕಮ್ಮಿಯಾದರೂ ಅಷ್ಟರಲ್ಲಿ ಹೊಂದಿಕೊಳ್ಳುತ್ತದೆ.

ಮೂಗು ದಪ್ಪ ಎಂದೂ ಕೊರಗುತ್ತಿದ್ದ. ಅದು ಸೆಲ್ಫಿಯ ಕೆಲಸ. ಕೈಯಳತೆಯಲ್ಲಿ ತೆಗೆದಾಗ ಮೂಗು ಕ್ಯಾಮೆರಾಗೆ ಕಿವಿಗಿಂತ ಬಹಳ ಹತ್ತಿರವಿರುತ್ತದೆ, ಹಾಗಾಗಿ ಉಬ್ಬಿ ಕಾಣುತ್ತದೆ. ಐದಾರು ಅಡಿ ದೂರ ನಿಂತು ಬೇರೆಯವರು ತೆಗೆದರೆ ಮುಖ ತನ್ನ ಅಳತೆಗೆ ಬರುತ್ತದೆ.

ನನ್ನನ್ನು ಹೆಚ್ಚು ಕಾಡಿದ್ದು ಅವನು ಕೇಳದೇ ಬಿಟ್ಟ ಸಂಗತಿ. ಹುಡುಗಿಯ ಮನೆಗೆ ಹೋಗಿರುವ ಬಯೋಡೇಟಾದಲ್ಲಿ ನಾಲ್ಕು ವರ್ಷದ ಹಿಂದಿನ ಫೋಟೊ ಇತ್ತು, ತಲೆತುಂಬ ಕೂದಲಿದ್ದ ಕಾಲದ್ದು. ಆ ಹುಡುಗಿ ಅದನ್ನು ನೋಡಿ ಒಪ್ಪಿ, ಬಾಗಿಲಲ್ಲಿ ಬೇರೆ ಮುಖ ಕಂಡರೆ? ಉಪ್ಪಿಟ್ಟು ಮುಗಿಯುವವರೆಗೂ ಇಬ್ಬರಿಗೂ ಅದೇ ಹಿಂಸೆ. ಕಟಿಂಗ್ ಮಾಡಿಸಿದ ಮೇಲೆ ಬೆಳಗಿನ ಬಿಸಿಲು ನೇರ ಬೀಳದ ಜಗಲಿಯಲ್ಲಿ ನಿಂತು ಹೊಸದು ತೆಗೆಸು, ಹೋಗುವ ಮೊದಲೇ ಕಳಿಸು ಎಂದು ಬರೆದೆ.

ಅದಕ್ಕೆ ಮಾತ್ರ ಎರಡು ದಿನ ಉತ್ತರ ಬರಲಿಲ್ಲ. ಮೂರನೆಯ ದಿನ ಫೋನ್ ಮಾಡಿ, "ಅವರು ಬೇಡ ಅಂದ್ರೆ?" ಎಂದ.

"ಅಂದ್ರೆ ಮನೆಯಲ್ಲೇ ಕೂತು ಕೇಳ್ತೀಯ, ಅವರ ಪಡಸಾಲೆಯಲ್ಲಿ ಅಲ್ಲ."

ಕಳಿಸಿದ. ಆ ಸಂಜೆಯೇ ಹುಡುಗಿಯ ತಂದೆ ಫೋನ್ ಮಾಡಿ, ಭಾನುವಾರ ಎಷ್ಟು ಜನ ಬರುತ್ತೀರಿ ಎಂದು ವಿಚಾರಿಸಿದರು.