ನಿದ್ದೆಯಲ್ಲಿ ವೀರ್ಯ ಹೋದರೆ ರಕ್ತ ಕಮ್ಮಿಯಾಗುತ್ತದೆಯೇ? ಹನ್ನೆರಡರ ಮಗನಿಗೆ ಏನು ಹೇಳಬೇಕು?

ವಾಟ್ಸಾಪ್‌ನಲ್ಲಿ ವರ್ಷಗಳಿಂದ ಸುತ್ತುತ್ತಿರುವ ಸಂದೇಶ ಇದು. ನೂರು ಹನಿ ರಕ್ತ ಸೇರಿ ಒಂದು ಹನಿ ವೀರ್ಯವಾಗುತ್ತದೆ, ಅದು ನಿದ್ದೆಯಲ್ಲಿ ಹೋದರೆ ಹುಡುಗ ಸೊರಗುತ್ತಾನೆ, ನೆನಪಿನ ಶಕ್ತಿ ಹೋಗುತ್ತದೆ ಎಂದು ಅದರಲ್ಲಿ ಬರೆದಿರುತ್ತದೆ. ಕೆಲವು ಸಂದೇಶಗಳಲ್ಲಿ ನೂರರ ಬದಲು ನಲವತ್ತು ಹನಿ. ಕೊನೆಯಲ್ಲಿ ಯಾವುದೋ ಪುಡಿಯ ಹೆಸರು, ಒಂದು ಫೋನ್ ನಂಬರ್.

ನಂಬುವ ಮೊದಲು ಒಂದು ಲೆಕ್ಕ ಮಾಡೋಣ. ಬೆಳೆದ ಗಂಡಸಿಗೆ ಒಂದು ಸಲ ಹೊರಬರುವ ವೀರ್ಯ ಸಾಮಾನ್ಯವಾಗಿ 2 ರಿಂದ 5 ಮಿಲಿ. 3 ಮಿಲಿ ಎಂದೇ ಇಟ್ಟುಕೊಳ್ಳಿ. ಸಂದೇಶ ನಿಜವಾಗಿದ್ದರೆ ಅದಕ್ಕೆ 300 ಮಿಲಿ ರಕ್ತ ಖರ್ಚಾಗಬೇಕು. ರಕ್ತದಾನ ಶಿಬಿರದಲ್ಲಿ ಒಬ್ಬರಿಂದ ತೆಗೆಯುವುದೇ 350 ಮಿಲಿ, ಅದನ್ನು ಕೊಟ್ಟ ಗಂಡಸು ಮತ್ತೆ ಕೊಡಲು ಮೂರು ತಿಂಗಳು ಕಾಯಬೇಕು. 35 ಕೆಜಿ ತೂಗುವ ಹುಡುಗನ ಮೈಯಲ್ಲಿರುವುದು ಸುಮಾರು ಎರಡೂವರೆ ಲೀಟರ್ ರಕ್ತ. ವಾರದಲ್ಲಿ ಮೂರು ಸಲ ನಿದ್ದೆಯಲ್ಲಿ ಚಡ್ಡಿ ಒದ್ದೆಯಾದ ಹುಡುಗ ಈ ಲೆಕ್ಕದ ಪ್ರಕಾರ ಐಸಿಯುನಲ್ಲಿ ಇರಬೇಕಿತ್ತು. ಅವನು ಮೈದಾನದಲ್ಲಿ ಕ್ರಿಕೆಟ್ ಆಡುತ್ತಿರುತ್ತಾನೆ.

ವೀರ್ಯಕ್ಕಾಗಿ ರಕ್ತ ಸೋರಿಹೋಗುವುದಿಲ್ಲ. ಬಾಯಲ್ಲಿ ಜೊಲ್ಲು ತಯಾರಾಗುವ ಹಾಗೆ ಒಳಗಿನ ಗ್ರಂಥಿಗಳು ಅದನ್ನು ತಯಾರಿಸುತ್ತವೆ. ಅದರ ಬಹುಪಾಲು ನೀರು. ಹೆಚ್ಚಿನ ಭಾಗ ಮೂತ್ರಕೋಶದ ಹಿಂದಿರುವ ವೀರ್ಯಕೋಶಗಳಿಂದ ಬರುತ್ತದೆ, ಉಳಿದದ್ದರಲ್ಲಿ ಹೆಚ್ಚಿನದು ಪ್ರಾಸ್ಟೇಟ್ ಗ್ರಂಥಿಯಿಂದ. ವೃಷಣದಲ್ಲಿ, ಅಂದರೆ ನಾವು ಬೀಜ ಎನ್ನುವ ಭಾಗದಲ್ಲಿ ತಯಾರಾಗುವ ವೀರ್ಯಾಣುಗಳ ಪಾಲು ನೂರಕ್ಕೆ ಐದೂ ಮೀರುವುದಿಲ್ಲ. ಹದಿಹರೆಯದಲ್ಲಿ ಟೆಸ್ಟೋಸ್ಟೆರಾನ್ ಎಂಬ ಹಾರ್ಮೋನ್ ಏರುತ್ತಿದ್ದಂತೆ ಈ ಗ್ರಂಥಿಗಳು ಕೆಲಸ ಆರಂಭಿಸುತ್ತವೆ. ನಿದ್ದೆಯಲ್ಲಿ ಶಿಶ್ನ ಗಟ್ಟಿಯಾಗುವುದು ಗಂಡುಮಕ್ಕಳಿಗೆಲ್ಲ ಪ್ರತಿ ರಾತ್ರಿ ಹಲವು ಸಲ ಆಗುತ್ತದೆ, ಕೆಲವೊಮ್ಮೆ ಆಗಲೇ ವೀರ್ಯವೂ ಹೊರಬರುತ್ತದೆ. ಇದೇ ಸ್ವಪ್ನಸ್ಖಲನ. ಕನಸು ಬಿದ್ದಿರಲೇಬೇಕು ಎಂದಿಲ್ಲ, ಕೆಟ್ಟ ಯೋಚನೆ ಮಾಡಿರಬೇಕು ಎಂದೂ ಇಲ್ಲ. ಕೆಲವು ಹುಡುಗರಿಗೆ ತಿಂಗಳಲ್ಲಿ ಹಲವು ಸಲ ಆಗುತ್ತದೆ, ಕೆಲವರಿಗೆ ಆಗುವುದೇ ಇಲ್ಲ. ಎರಡೂ ಸರಿ.

ಇಷ್ಟನ್ನು ದೊಡ್ಡವರು ಹೇಳದಿದ್ದರೆ ಫಾರ್ವರ್ಡ್ ಹೇಳುತ್ತದೆ. ಬಳ್ಳಾರಿ ಕಡೆಯ ಎಷ್ಟೋ ಮನೆಗಳಲ್ಲಿ ಹುಡುಗಿ ಮೈನೆರೆದರೆ ಆರತಿ ಮಾಡುತ್ತಾರೆ, ಓಣಿಯ ಹೆಂಗಸರೆಲ್ಲ ಬಂದು ಹೋಗುತ್ತಾರೆ. ಅದು ಆ ಹುಡುಗಿಗೆ ಮುಜುಗರವೋ ಅಲ್ಲವೋ ಬೇರೆ ಮಾತು, ಆದರೆ ಮೈಯಲ್ಲಿ ಏನೋ ಬದಲಾಗಿದೆ ಎಂಬುದನ್ನು ಒಬ್ಬರಾದರೂ ಅವಳಿಗೆ ಹೇಳಿರುತ್ತಾರೆ. ಹುಡುಗನಿಗೆ ಆರತಿಯೂ ಇಲ್ಲ, ಮಾತೂ ಇಲ್ಲ.

ಕುರುಗೋಡಿನ ಒಂದು ಮನೆ

ಕುರುಗೋಡಿನಲ್ಲಿ ಒಂದು ಮನೆ ಇದೆ ಎಂದುಕೊಳ್ಳೋಣ. ಮಗನಿಗೆ ಹನ್ನೆರಡು ದಾಟಿದೆ. ಅಜ್ಜಿಯ ಪಕ್ಕ ಚಾಪೆ ಹಾಸಿಕೊಂಡು ಮಲಗುವ ಹುಡುಗ ಒಂದು ದಿನ ಎಲ್ಲರಿಗಿಂತ ಮೊದಲು ಎದ್ದು ಬಚ್ಚಲಲ್ಲಿ ತಾನೇ ಚಡ್ಡಿ ತೊಳೆಯುತ್ತಿದ್ದಾನೆ. ಅಜ್ಜಿ ನೋಡಿ, "ಇಷ್ಟು ದೊಡ್ಡಾವ ಆಗಿ ಹಾಸಿಗ್ಯಾಗ ಉಚ್ಚಿ ಹೊಯ್ಕೊಂಡೀಯಾ?" ಎಂದು ನಗುತ್ತಾಳೆ. ಅವತ್ತಿನಿಂದ ಹುಡುಗ ಬೇರೆ ಕೋಣೆಯಲ್ಲಿ ಮಲಗುತ್ತೇನೆ ಎಂದು ಹಟ ಹಿಡಿಯುತ್ತಾನೆ. ತಾಯಿಗೆ ಅರ್ಥವಾಗಿ ಗಂಡನಿಗೆ ಹೇಳುತ್ತಾಳೆ.

ಮಗನನ್ನು ಎದುರಿಗೆ ಕೂರಿಸಿಕೊಂಡು, ಗಂಟಲು ಸರಿಮಾಡಿಕೊಂಡು ಭಾಷಣ ಶುರುಮಾಡಿದರೆ ಇಬ್ಬರೂ ಬೆವರುತ್ತಾರೆ. ಇಂಥ ಮಾತು ಮುಖ ನೋಡದೆ ಆಡುವಾಗ ಸಲೀಸು. ಬೈಕಿನಲ್ಲಿ ಹಿಂದೆ ಕೂರಿಸಿಕೊಂಡು ಬಳ್ಳಾರಿಗೆ ಹೋಗುವಾಗ, ಹೊಲದ ಬದುವಿನ ಮೇಲೆ ನಡೆಯುವಾಗ, ಹೀಗೆ. ಹತ್ತು ನಿಮಿಷ ಸಾಕು. ಆರಂಭವನ್ನು ಎಲ್ಲರಿಗೂ ಕೇಳಿಸುವ ಬದಲಾವಣೆಯಿಂದ, ಅಂದರೆ ದನಿಯಿಂದ ಮಾಡಿದರೆ ಒಳ್ಳೆಯದು.

"ದನಿ ಒಡೆಯಾಕತ್ತೈತಲ್ಲ ನಿಂದು? ನಂಗೂ ನಿನ್ನ ವಯಸ್ಸಿನಾಗ ಹಂಗೇ ಆಗಿತ್ತು."

"ಹೂಂ ಅಪ್ಪಾ. ಕ್ಲಾಸಿನಾಗ ಪಾಠ ಓದಿದ್ರ ಎಲ್ರೂ ನಗ್ತಾರ."

"ನಗೋರಿಗೂ ಮುಂದಿನ ವರ್ಷ ಒಡೀತೈತಿ ಬಿಡು. ಇನ್ನೊಂದು ಆಗ್ತೈತಿ ಈ ವಯಸ್ಸಿನಾಗ. ರಾತ್ರಿ ನಿದ್ದ್ಯಾಗ ಒಮ್ಮೊಮ್ಮೆ ಬೆಳ್ಳಗ, ಅಂಟಂಟು ಬಂದು ಚಡ್ಡಿ ಒದ್ದೆ ಆಗ್ತೈತಿ. ಅದಕ್ಕ ವೀರ್ಯ ಅಂತಾರ. ಅದು ಉಚ್ಚಿ ಅಲ್ಲ, ರೋಗ ಅಲ್ಲ, ನಿನ್ನ ತಪ್ಪೂ ಅಲ್ಲ. ನಂಗೂ ಆಗಿತ್ತು. ಎದ್ದು ತೊಳಕೊಂಡು ಬ್ಯಾರೆ ಚಡ್ಡಿ ಹಾಕ್ಕೊಂಡು ಮಲಕ್ಕೋ, ಅಷ್ಟ."

ಹುಡುಗ ಸ್ವಲ್ಪ ದೂರ ಮಾತಾಡುವುದಿಲ್ಲ. ಆಮೇಲೆ ಕೇಳುತ್ತಾನೆ: "ರಕ್ತ ಕಮ್ಮಿ ಆಗ್ತೈತಂತಲ್ಲಪ್ಪಾ?"

ಫಾರ್ವರ್ಡ್ ಯಾರದೋ ಮೊಬೈಲಿನಿಂದ ಅಪ್ಪನಿಗಿಂತ ಮೊದಲೇ ಅವನನ್ನು ತಲುಪಿದೆ. ಮೇಲಿನ ಲೆಕ್ಕ ಈಗ ಉಪಯೋಗಕ್ಕೆ ಬರುತ್ತದೆ.

ಈ ಮಾತಿನಲ್ಲಿ ಅಪ್ಪ "ನಿನಗೆ ಆಗಿದೆಯಾ?" ಎಂದು ಕೇಳಲಿಲ್ಲ ಎಂಬುದನ್ನು ಗಮನಿಸಿ. ಕೇಳಿದರೆ ಹುಡುಗ ಇಲ್ಲ ಎನ್ನುತ್ತಾನೆ, ಮಾತು ಅಲ್ಲಿಗೇ ನಿಲ್ಲುತ್ತದೆ. ನನಗೂ ಆಗಿತ್ತು ಎಂದರೆ ಅವನಾಗಿಯೇ ಕೇಳುತ್ತಾನೆ. ಅಪ್ಪನಿಗೆ ಆಗದಿದ್ದರೆ ಸೋದರಮಾವನೋ ದೊಡ್ಡಣ್ಣನೋ ಹೇಳಬಹುದು, ಆದರೆ ಎಲ್ಲರ ಮುಂದೆ "ಏನಪ್ಪಾ, ಗಂಡಸಾದೆಯಾ?" ಎಂದು ಕಿಚಾಯಿಸುವ ಮಾವನಿಗೆ ಈ ಕೆಲಸ ಬೇಡ. ತಾಯಿಯೊಬ್ಬಳೇ ಇರುವ ಮನೆಯಲ್ಲಿ ತಾಯಿಯೇ ಹೇಳಬಹುದು. ಸಹಜವಾಗಿ ಹೇಳಿದರೆ ಹುಡುಗ ಸಹಜವಾಗಿಯೇ ಕೇಳಿಸಿಕೊಳ್ಳುತ್ತಾನೆ.

ದನಿ ಏಕೆ ಒಡೆಯುತ್ತದೆ?

ತಂಬೂರಿಯ ತಂತಿ ಉದ್ದವೂ ದಪ್ಪವೂ ಆದರೆ ನಾದ ತಗ್ಗುತ್ತದೆ. ಗಂಟಲಲ್ಲೂ ಅದೇ ಆಗುತ್ತದೆ. ಹಾರ್ಮೋನಿನಿಂದ ಧ್ವನಿಪೆಟ್ಟಿಗೆ ಬೆಳೆದು ಮುಂದಕ್ಕೆ ಚಾಚುತ್ತದೆ, ಅದೇ ಹೊರಗೆ ಕಾಣುವ ಗಂಟಲಮಣಿ. ಒಳಗಿನ ಧ್ವನಿತಂತುಗಳು ಉದ್ದವಾಗಿ ದಪ್ಪವಾಗುತ್ತವೆ. ಹುಡುಗನಾಗಿದ್ದಾಗ ಸೆಕೆಂಡಿಗೆ ಸುಮಾರು 250 ಸಲ ಕಂಪಿಸುತ್ತಿದ್ದವು, ದೊಡ್ಡವನಾದಾಗ 100 ರಿಂದ 130 ಸಲಕ್ಕೆ ಇಳಿಯುತ್ತವೆ. ಈ ಹೊಸ ಅಳತೆ ಗಂಟಲಿನ ಸ್ನಾಯುಗಳಿಗೆ ರೂಢಿಯಾಗುವವರೆಗೆ ದನಿ ಒಮ್ಮೆ ಗಡಸಾಗಿ, ಒಮ್ಮೆ ಕೀರಲಾಗಿ ಜಾರುತ್ತದೆ. ಕೆಲವು ತಿಂಗಳಲ್ಲಿ ತಾನಾಗಿಯೇ ಸರಿಹೋಗುತ್ತದೆ. ಜೇನುತುಪ್ಪ, ಕಷಾಯ ಕುಡಿಸಿದರೆ ತೊಂದರೆ ಇಲ್ಲ, ಆದರೆ ದನಿ ಸರಿಹೋಗುವುದು ಅದರಿಂದಲ್ಲ.

ಮೀಸೆ ಮೂಡಿ ಎತ್ತರ ಬೆಳೆದು ಹದಿನಾರಾದರೂ ಹುಡುಗ ಎಳೆ ದನಿಯಲ್ಲೇ ಮಾತಾಡುತ್ತಿದ್ದರೆ ಮಾತ್ರ ಇಎನ್‌ಟಿ ವೈದ್ಯರಿಗೆ ತೋರಿಸಿ. ಸಾಮಾನ್ಯವಾಗಿ ಗಂಟಲು ಬೆಳೆದಿರುತ್ತದೆ, ಹಳೆಯ ರೀತಿಯಲ್ಲಿ ಮಾತಾಡುವ ಅಭ್ಯಾಸ ಉಳಿದಿರುತ್ತದೆ. ಆಪರೇಷನ್ ಇಲ್ಲದೆ ಧ್ವನಿ ಅಭ್ಯಾಸದಿಂದಲೇ ಹೆಚ್ಚಿನವರಿಗೆ ಸರಿಹೋಗುತ್ತದೆ. 1965ರಲ್ಲಿ ಶುರುವಾದ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇಂಥ ದನಿಯ ತೊಂದರೆಗಳಿಗೆ ಚಿಕಿತ್ಸೆ ಕೊಡುತ್ತದೆ. ಗೇಲಿ ಮಾಡಿದರೆ ಆ ಹುಡುಗ ಮಾತಾಡುವುದನ್ನೇ ಬಿಡುತ್ತಾನೆ.

ಕೂದಲಿನ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಸಾಮಾನ್ಯವಾಗಿ ಮೊದಲು ಶಿಶ್ನದ ಬುಡದಲ್ಲಿ, ಆಮೇಲೆ ಕಂಕುಳಲ್ಲಿ, ಮೇಲ್ದುಟಿಯ ಮೇಲೆ ಬರುತ್ತದೆ. ಗಡ್ಡ ಕೊನೆಗೆ. ಬೋಳಿಸಿದರೆ ದಟ್ಟವಾಗಿ ಬರುತ್ತದೆ ಎಂಬುದು ಸುಳ್ಳು. ಇದನ್ನು 1928ರಲ್ಲೇ ಅಳೆದು ನೋಡಿದ್ದಾರೆ. ಕತ್ತರಿಸಿದ ತುದಿ ಮೊಂಡಾಗಿರುವುದರಿಂದ ಒರಟು ಅನಿಸುತ್ತದೆ, ಬೇರು ಚರ್ಮದೊಳಗೆ ಹಾಗೇ ಇರುತ್ತದೆ. ಕಂಕುಳಿನ ಬೆವರು ಈಗ ನಾರುತ್ತದೆ, ಬಳ್ಳಾರಿಯ ಬೇಸಿಗೆಯಲ್ಲಂತೂ ಕೇಳಬೇಡಿ. ದಿನಾ ಸ್ನಾನ, ಒಣಗಿದ ಹತ್ತಿ ಬಟ್ಟೆ ಸಾಕು. ಇನ್ನೊಂದು ಮಾತು ಮರೆಯದೆ ಹೇಳಿ: ಈ ವಯಸ್ಸಿನಲ್ಲಿ ಅರ್ಧದಷ್ಟು ಹುಡುಗರಿಗೆ ಮೊಲೆತೊಟ್ಟಿನ ಕೆಳಗೆ ಸಣ್ಣ ಗಂಟು ಬಂದು ಮುಟ್ಟಿದರೆ ನೋಯುತ್ತದೆ. ಹುಡುಗಿಯಾಗುತ್ತಿದ್ದೇನೆ ಎಂದು ಹೆದರಿ ಅಂಗಿ ಬಿಚ್ಚದ ಹುಡುಗರಿದ್ದಾರೆ. ಹೆಚ್ಚಿನವರಿಗೆ ಅದು ಒಂದೆರಡು ವರ್ಷದಲ್ಲಿ ಕರಗುತ್ತದೆ.

ನಾಚಿಕೆ ದುಬಾರಿಯಾಗುವುದು ಇಲ್ಲಿ

ವೀರ್ಯ ಹೋಗಿ ಸುಸ್ತಾಗಿದೆ ಎಂದು ನಂಬಿ ಕೊರಗುವ ಸ್ಥಿತಿಗೆ ಭಾರತದ ಮನೋವೈದ್ಯ ಡಾ. ಎನ್.ಎನ್. ವಿಗ್ 1960ರಲ್ಲಿ ಧಾತ್ ಸಿಂಡ್ರೋಮ್ ಎಂದು ಹೆಸರಿಟ್ಟರು. ಅಲ್ಲಿ ನಿದ್ದೆ ಕೆಡಿಸುವುದೂ ಮೈ ಸೊರಗಿಸುವುದೂ ಭಯವೇ. ಗೋಡೆಗಳ ಮೇಲೆ ಗುಪ್ತರೋಗ ಎಂದು ಬರೆಸಿದವರು ಬದುಕುವುದು ಇದೇ ಭಯದ ಮೇಲೆ. ಲೈಂಗಿಕ ಶಕ್ತಿ ಹೆಚ್ಚಿಸುವ ಔಷಧ ಎಂದು ಜಾಹೀರಾತು ಮಾಡುವುದನ್ನು 1954ರ ಕಾನೂನು ನಿಷೇಧಿಸಿದೆ.

ಇದಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ. ಹನ್ನೆರಡರಿಂದ ಹದಿನೆಂಟರ ನಡುವೆ ಕೆಲವು ಹುಡುಗರಲ್ಲಿ ವೃಷಣ ತನ್ನ ಬಳ್ಳಿಯ ಮೇಲೆಯೇ ತಿರುಚಿಕೊಂಡು ಅದರ ರಕ್ತ ನಿಂತುಹೋಗುತ್ತದೆ. ಒಮ್ಮೆಲೇ ಜೋರು ನೋವು, ಹಲವು ಸಲ ನಿದ್ದೆಯಿಂದ ಎಬ್ಬಿಸುವಂಥದ್ದು. ವಾಂತಿ ಬರಬಹುದು, ಒಂದು ಬದಿ ಊದಿ ಮೇಲಕ್ಕೆ ಸರಿದಂತೆ ಕಾಣಬಹುದು. ಆರು ಗಂಟೆಯೊಳಗೆ ಆಪರೇಷನ್ ಮಾಡಿ ತಿರುವು ಬಿಡಿಸಿದರೆ ಹೆಚ್ಚಿನ ಸಲ ವೃಷಣ ಉಳಿಯುತ್ತದೆ. ಅರ್ಧ ದಿನ ಕಳೆದರೆ ಉಳಿಯುವ ಆಸೆ ಕಡಿಮೆ. ಆ ಭಾಗದ ಹೆಸರನ್ನೇ ಮನೆಯಲ್ಲಿ ಎತ್ತದ ಹುಡುಗ ಹೊಟ್ಟೆನೋವು ಎನ್ನುತ್ತಾನೆ, ಮನೆಯವರು ಓಂಕಾಳು ಕೊಟ್ಟು ಮಲಗಿಸುತ್ತಾರೆ. ಸಿರುಗುಪ್ಪದಿಂದ ಬಳ್ಳಾರಿಗೆ ಐವತ್ತು ಕಿಲೋಮೀಟರಿಗೂ ಹೆಚ್ಚು ದೂರವಿದೆ. ಬೆಳಗಿನ ಬಸ್ಸಿಗೆ ಕಾದರೆ ಆರು ಗಂಟೆ ಮನೆಯಲ್ಲೇ ಮುಗಿಯುತ್ತದೆ. ಎಣ್ಣೆ ತಿಕ್ಕಬೇಡಿ, ಆ ಗಳಿಗೆಯೇ 108ಕ್ಕೆ ಕರೆ ಮಾಡಿ ಆಪರೇಷನ್ ಸೌಲಭ್ಯವಿರುವ ಆಸ್ಪತ್ರೆಗೆ ಹೊರಡಿ.

ಉಳಿದದ್ದಕ್ಕೆ ಇಷ್ಟು ಆತುರ ಬೇಡ. ಒಂಬತ್ತು ತುಂಬುವ ಮೊದಲೇ ಬದಲಾವಣೆ ಶುರುವಾದರೆ, ಹದಿನಾಲ್ಕು ತುಂಬಿದರೂ ವೃಷಣ ಬೆಳೆಯದಿದ್ದರೆ, ಮೂತ್ರದಲ್ಲಿ ಉರಿ ಅಥವಾ ವೀರ್ಯದಲ್ಲಿ ರಕ್ತ ಕಂಡರೆ ವೈದ್ಯರಿಗೆ ತೋರಿಸಿ. ಸರ್ಕಾರಿ ಆಸ್ಪತ್ರೆಗಳಲ್ಲಿ ಹದಿಹರೆಯದವರಿಗೆಂದೇ ಸ್ನೇಹ ಕ್ಲಿನಿಕ್‌ಗಳಿವೆ, ಹುಡುಗ ಅಲ್ಲಿ ಖಾಸಗಿಯಾಗಿ ಮಾತಾಡಬಹುದು.

ಮಗ ರಾತ್ರಿ ಎದ್ದು ಕೆಳಹೊಟ್ಟೆ ನೋವು ಎಂದರೆ, "ಬೀಜದಾಗ ನೋವೈತೇನಪ್ಪಾ?" ಎಂದು ನೀವೇ ಕೇಳಿ.